ಏಳನೇ ಪ್ರಶ್ನೆ ಮತ್ತು ಎರಡು ಲೋಟ: ಹನಿ ನೀರಾವರಿ ಸಾಕ್ಷ್ಯಚಿತ್ರದ ಮಾದರಿ ಸ್ಕ್ರಿಪ್ಟ್, ಮೂರು ವರ್ಷದ ಬಳಕೆಯ ನಂತರ

ಈ ಸ್ಕ್ರಿಪ್ಟಿನ ಏಳನೇ ಪ್ರಶ್ನೆಯ ಮೇಲಿನ ನನ್ನ ಸಿಟ್ಟು ಮೂರು ವರ್ಷವಾದರೂ ಇಳಿದಿಲ್ಲ. “ಹನಿ ನೀರಾವರಿ ಅಳವಡಿಸಿಕೊಂಡ ಮೇಲೆ ನಿಮಗೆ ನೀರಿನ ಉಳಿತಾಯವಾಗಿದೆಯೇ?” ಇದನ್ನು ಐವರು ರೈತರ ಮುಂದೆ ಕೇಳಿದ್ದೇನೆ. ಐವರದೂ ಒಂದೇ ಉತ್ತರ: “ಆಗಿದೆ ಸರ್, ಬಹಳ ಉಳಿತಾಯವಾಗಿದೆ.” ಅಷ್ಟು ಹೇಳಿ, ಪರೀಕ್ಷೆ ಮುಗಿಸಿದ ಹುಡುಗನ ಹಾಗೆ ನನ್ನ ಮುಖ ನೋಡುತ್ತಾರೆ. ಸಂಕಲನಕ್ಕೆ ಕುಳಿತಾಗ ನನ್ನ ಧ್ವನಿ ತೆಗೆಯಬೇಕು. ತೆಗೆದ ಮೇಲೆ ಉಳಿಯುವುದು “ಆಗಿದೆ ಸರ್”. ಏನು ಆಗಿದೆ? ನೋಡುವವರಿಗೆ ತಿಳಿಯುವುದಿಲ್ಲ.

ಕೋಲಾರದ ಸುತ್ತಮುತ್ತ ಮದುವೆ, ನಾಮಕರಣಗಳ ವಿಡಿಯೊ ಮಾಡುವವನು ನಾನು. ನಡುನಡುವೆ ರೈತರ ಗುಂಪುಗಳಿಗೆ ಹತ್ತು ನಿಮಿಷದ ಚಿತ್ರಗಳನ್ನೂ ಮಾಡಿಕೊಡುತ್ತೇನೆ. 350 ರೂಪಾಯಿ ಕೊಟ್ಟು ತರಿಸಿಕೊಂಡ ಸ್ಕ್ರಿಪ್ಟ್ ಇದು. ಎಡಗಡೆ ಪ್ರಶ್ನೆಗಳು, ಬಲಗಡೆ ಕಟ್‌ಅವೇ, ಅಂದರೆ ಮಾತಿನ ನಡುವೆ ತೋರಿಸಬೇಕಾದ ದೃಶ್ಯಗಳ ಪಟ್ಟಿ. ಒಳಗೆ ಏನೇನಿದೆ ಎಂಬುದು ಮಾರುವವರ ವಿವರಣೆಯಲ್ಲೇ ಇದೆ, ನಾನು ಮತ್ತೆ ಬರೆಯುವುದಿಲ್ಲ. ನನ್ನ ಬಳಿ ಇರುವುದು ಒಂದು ಮೊಬೈಲ್, ಒಂದು ಕಾಲರ್ ಮೈಕು, ಕಾಲು ಸಡಿಲವಾದ ಒಂದು ಟ್ರೈಪಾಡ್. ಒಂದು ದಿನದಲ್ಲಿ ಚಿತ್ರೀಕರಣ ಮುಗಿಯಬೇಕು, ಎರಡನೇ ದಿನದ ಖರ್ಚನ್ನು ಯಾರೂ ಕೊಡುವುದಿಲ್ಲ. ದೊಡ್ಡ ತಂಡ ಇರುವವರಿಗೆ ಈ ಸ್ಕ್ರಿಪ್ಟ್ ಬೇರೆ ರೀತಿ ಕಂಡೀತು.

ಮೊದಲ ಸಲ ಎಡವಿದ್ದು ಕರೆಂಟಿನಲ್ಲಿ. ಸ್ಕ್ರಿಪ್ಟ್ ಹೇಳುವ ಕ್ರಮ: ಬೆಳಿಗ್ಗೆ ಸಂದರ್ಶನ, ಮಧ್ಯಾಹ್ನ ಕಟ್‌ಅವೇ. ಬಲಗಡೆ ಮೊದಲ ದೃಶ್ಯವೇ “ಬಿಸಿಲಿನಲ್ಲಿ ಹೊಳೆಯುವ ನೀರಿನ ಹನಿ, ಹತ್ತಿರದಿಂದ”. ಆ ವಾರ ಆ ಊರಿಗೆ ತ್ರೀ ಫೇಸ್ ರಾತ್ರಿ ಪಾಳಿಯಲ್ಲಿ ಬರುತ್ತಿತ್ತು. ಮಧ್ಯಾಹ್ನ ಮೋಟಾರು ಎಲ್ಲಿಂದ ಓಡಬೇಕು? ನಾನು ಟ್ರೈಪಾಡ್ ನೆಟ್ಟು ಒಣ ಪೈಪಿನ ಮುಂದೆ ಕುಳಿತಿದ್ದೆ. ರೈತರು ಮೂರು ಬಾರಿ ಟೀ ತಂದುಕೊಟ್ಟರು. ಕೊನೆಗೆ ಬಕೆಟ್‌ನಿಂದ ಪೈಪಿನ ಮೇಲೆ ನೀರು ಚಿಮುಕಿಸಿ ಹನಿ ಬೀಳುವಂತೆ ಮಾಡಿದೆವು. ಆ ಸುಳ್ಳು ಹನಿ ಈಗಲೂ ಆ ಚಿತ್ರದಲ್ಲಿದೆ, ನೋಡಿದಾಗಲೆಲ್ಲ ನಾಚಿಕೆಯಾಗುತ್ತದೆ.

ಎರಡನೇ ತಪ್ಪು ಇದಕ್ಕಿಂತ ದೊಡ್ಡದು. ನಮ್ಮ ಕಡೆ ಟೊಮೆಟೊ ಬೆಳೆಯುವವರಲ್ಲಿ ಹೆಚ್ಚಿನವರು ಏರಿಯ ಮೇಲೆ ಮಲ್ಚಿಂಗ್ ಹಾಳೆ ಹೊದಿಸುತ್ತಾರೆ. ಡ್ರಿಪ್ ಪೈಪು ಆ ಹಾಳೆಯ ಕೆಳಗೆ ಇರುತ್ತದೆ. ಕರೆಂಟು ಇದ್ದರೂ ಹನಿ ಕಾಣಿಸುವುದಿಲ್ಲ! ಇದನ್ನು ಬರೆದವರು ಯಾವ ತೋಟ ನೋಡಿ ಬರೆದರೋ. ನಾನು ಕಂಡುಕೊಂಡ ದಾರಿ ಹೇಳುತ್ತೇನೆ. ನೀರು ಬಿಟ್ಟು ಒಂದೆರಡು ಗಂಟೆಯಾದ ಮೇಲೆ ಸಾಲಿನ ಕೊನೆಯ ಗಿಡದ ಪಕ್ಕ ಗುದ್ದಲಿಯಿಂದ ಮಣ್ಣನ್ನು ನೇರವಾಗಿ ಕತ್ತರಿಸಿ ತೆಗೆಯಬೇಕು. ಕತ್ತರಿಸಿದ ಗೋಡೆಯ ಮೇಲೆ ಒದ್ದೆ ಮಣ್ಣು ಈರುಳ್ಳಿ ಗಡ್ಡೆಯ ಆಕಾರದಲ್ಲಿ ಕಪ್ಪಾಗಿ ಕಾಣುತ್ತದೆ, ಸುತ್ತ ಒಣ ಮಣ್ಣು ತೆಳು ಕೆಂಪು. ಮರಳು ಹೆಚ್ಚಿರುವ ಕೆಂಪು ಮಣ್ಣಿನಲ್ಲಿ ಈ ಗಡ್ಡೆ ಸಣಕಲಾಗಿ ಆಳಕ್ಕೆ ಇಳಿದಿರುತ್ತದೆ, ಎರೆ ಮಣ್ಣಿನಲ್ಲಿ ಅಗಲಕ್ಕೆ ಹರಡಿರುತ್ತದೆ. ಹೊಳೆಯುವ ಹನಿಗಿಂತ ಈ ಒಂದು ದೃಶ್ಯ ಹೆಚ್ಚು ಹೇಳುತ್ತದೆ. ಸ್ಕ್ರಿಪ್ಟಿನಲ್ಲಿ ಇದರ ಸುಳಿವೂ ಇಲ್ಲ.

ಇಷ್ಟರಲ್ಲೇ ಅದನ್ನು ಮೂಲೆಗೆ ಎಸೆದಿರುತ್ತಿದ್ದೆ. ಎಸೆಯದಿದ್ದುದಕ್ಕೆ ಕಾರಣ ಹದಿನಾಲ್ಕನೇ ಕಟ್‌ಅವೇ. ಬರೆದಿರುವುದು ಒಂದೇ ಸಾಲು: “ಮೊದಲ ಡ್ರಿಪ್ಪರ್ ಕೆಳಗೆ ಒಂದು ಲೋಟ, ಕೊನೆಯ ಡ್ರಿಪ್ಪರ್ ಕೆಳಗೆ ಒಂದು ಲೋಟ. ಒಂದು ನಿಮಿಷ. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ.”

ಮುಳಬಾಗಿಲು ಕಡೆಯ ಒಬ್ಬ ಟೊಮೆಟೊ ಬೆಳೆಗಾರರ ತೋಟದಲ್ಲಿ ಇದನ್ನು ಮೊದಲ ಸಲ ಪೂರ್ತಿಯಾಗಿ ಮಾಡಿದೆ. ಸಾಲಿನ ಎರಡು ತುದಿಗಳಲ್ಲಿ ಪೈಪು ಹಾಳೆಯಿಂದ ಹೊರಗೆ ಬಂದಿರುವುದರಿಂದ ಲೋಟ ಇಡಲು ಜಾಗ ಸಿಕ್ಕಿತು. ಅವರದು ಗಂಟೆಗೆ 4 ಲೀಟರ್ ಹರಿಸುವ ಡ್ರಿಪ್ಪರ್. ಹಾಗಾದರೆ ನಿಮಿಷಕ್ಕೆ 66 ಮಿಲಿಲೀಟರ್‌ಗಿಂತ ಒಂದು ಚೂರು ಹೆಚ್ಚು ಬರಬೇಕು. ಮಗುವಿಗೆ ಔಷಧಿ ಹಾಕುವ ಸಿರಿಂಜಿನಿಂದ ಅಳೆದೆವು. ಮೊದಲ ಲೋಟದಲ್ಲಿ 58, ಕೊನೆಯದರಲ್ಲಿ 31.

ಕ್ಯಾಮೆರಾ ಓಡುತ್ತಲೇ ಇತ್ತು. ಅವರು ಎರಡು ಲೋಟಗಳನ್ನೂ ಬಿಸಿಲಿಗೆ ಎತ್ತಿ ಹಿಡಿದು ನೋಡಿದರು, ನನ್ನನ್ನು ಮರೆತೇಬಿಟ್ಟರು. ಆಮೇಲೆ ಹೇಳಿದರು: “ಅದಕ್ಕೇ ಏನಪ್ಪಾ, ಆ ತುದಿಯ ಗಿಡಗಳ ಕಾಯಿ ಸಣ್ಣದು. ನಾನು ಗೊಬ್ಬರ ಸಾಲದು ಅಂದುಕೊಂಡು ಸುಮ್ಮನೆ ಹಾಕುತ್ತಲೇ ಇದ್ದೆ.” ಬೆಳಿಗ್ಗೆಯಿಂದ ಅವರ ಬಾಯಲ್ಲಿದ್ದ “ಸರ್” ಆ ಹೊತ್ತಿಗೆ “ಏನಪ್ಪಾ” ಆಗಿತ್ತು. ನನಗೆ ಬೇಕಿದ್ದ ಸಂದರ್ಶನ ಶುರುವಾದದ್ದು ಅಲ್ಲಿ.

ಮುಂದಿನ ಎರಡು ಗಂಟೆ ಸ್ಕ್ರಿಪ್ಟನ್ನು ಜೇಬಿನಲ್ಲಿಟ್ಟು ಅವರ ಹಿಂದೆ ಓಡಾಡಿದೆ. ಮೊದಲ ಲೋಟದಲ್ಲೇ ನೀರು ಕಡಿಮೆ ಇದ್ದುದರಿಂದ ಅವರು ನೇರ ಫಿಲ್ಟರ್ ಹತ್ತಿರ ಹೋದರು. ಮೋಟಾರು ನಿಲ್ಲಿಸಿ ಒಳಗಿನ ಜಾಲರಿ ಹೊರತೆಗೆದರೆ ಅದರ ಮೇಲೆ ಕಂದು ಬಣ್ಣದ ಲೋಳೆ, ದೋಸೆ ಹಿಟ್ಟಿನ ಹಾಗೆ ಅಂಟಿಕೊಂಡಿತ್ತು. ಹಲ್ಲುಜ್ಜುವ ಹಳೆಯ ಬ್ರಷ್‌ನಿಂದ ಉಜ್ಜಿ ತೊಳೆದು ಹಾಕಿ ಮತ್ತೆ ಲೋಟ ಇಟ್ಟೆವು. ಮೊದಲನೆಯದು 66ಕ್ಕೆ ಬಂತು, ಕೊನೆಯದು 38ರಲ್ಲೇ ನಿಂತಿತು. ಫಿಲ್ಟರ್ ಕಟ್ಟಿಕೊಂಡರೆ ಇಡೀ ಸಾಲಿಗೆ ಒತ್ತಡ ಇಳಿಯುತ್ತದೆ. ಮೊದಲನೆಯದು ಸರಿಯಾಗಿ, ಕೊನೆಯದು ಮಾತ್ರ ಹಿಂದೆ ಉಳಿದರೆ ತೊಂದರೆ ಪೈಪಿನೊಳಗೇ ಇದೆ ಎಂದು ಅರ್ಥ.

ಸಾಲಿನ ತುದಿಯಲ್ಲಿ ಪೈಪನ್ನು ಮಡಚಿ, ಎಂಟರ ಆಕಾರದ ಪ್ಲಾಸ್ಟಿಕ್ ಬಳೆ ತೊಡಿಸಿದ್ದರು. ಬಳೆ ಜಾರಿಸಿ ಪೈಪು ಬಿಡಿಸಿದಾಗ ಮೊದಲು ಕೆಂಪು ನೀರು, ಅದರ ಹಿಂದೆ ಬಿಳಿ ಚಕ್ಕೆಗಳು ಬಂದವು. ತಿಳಿ ನೀರು ಬರುವವರೆಗೆ ಹರಿಯಲು ಬಿಟ್ಟರು. ಅದೆಷ್ಟು ಹೊತ್ತು ಹಿಡಿಯಿತು ಎಂಬುದು ನನ್ನ ಮೊಬೈಲಿನಲ್ಲಿ ಇಡಿಯಾಗಿ ಇದೆ, ಒಂದೇ ಶಾಟ್, ಎಲ್ಲೂ ಕತ್ತರಿಸಿಲ್ಲ. ಆಮೇಲೆ ಕೊನೆಯ ಲೋಟ 54 ತೋರಿಸಿತು.

ಉಳಿದ ಹನ್ನೆರಡು ಎಲ್ಲಿ ಹೋಯಿತು? ಕೆಟ್ಟ ಪೈಪಿನ ತುಂಡೊಂದನ್ನು ಅಕ್ಕ, ಅವರ ಮನೆಯವರು, ಈಳಿಗೆಮಣೆಯಲ್ಲಿ ಉದ್ದಕ್ಕೆ ಸೀಳಿಕೊಟ್ಟರು. ಒಳಗೆ ಡ್ರಿಪ್ಪರಿನ ಅಂಕುಡೊಂಕು ದಾರಿಯಲ್ಲಿ ಬಿಳಿ ಪದರು ಕೂತಿತ್ತು. ನಿಂಬೆ ಹಣ್ಣು ಹಿಂಡಿದರು, ಸಣ್ಣ ಗುಳ್ಳೆಗಳೆದ್ದವು. ಅದು ಗಡಸು ನೀರಿನ ಸುಣ್ಣ. ಅದಕ್ಕೆ ಆಸಿಡ್ ಹಾಯಿಸಬೇಕು: ಡ್ರಿಪ್ಪರಿನಿಂದ ಹೊರಬರುವ ನೀರಿನ ಪಿಎಚ್ 4ರ ಆಸುಪಾಸಿಗೆ ಇಳಿಯುವಷ್ಟು ಬೆರೆಸಿ, ಪೈಪಿನಲ್ಲೇ ಒಂದು ದಿನ ನಿಲ್ಲಿಸಿ, ಮರುದಿನ ತುದಿ ಬಿಚ್ಚಿ ತೊಳೆದುಬಿಡುವುದು. ಆಸಿಡನ್ನು ನೀರಿಗೆ ಸುರಿಯಬೇಕು, ನೀರನ್ನು ಆಸಿಡ್‌ಗೆ ಸುರಿಯಬಾರದು. ಜಾಲರಿಯಲ್ಲಿ ಕಂಡಂಥ ಲೋಳೆಗಾದರೆ ಆಸಿಡ್ ಸಾಲದು, ಕ್ಲೋರಿನ್ ಬೇಕು, ಮತ್ತು ಎರಡನ್ನೂ ಎಂದೂ ಒಟ್ಟಿಗೆ ಬೆರೆಸಬಾರದು, ವಿಷದ ಅನಿಲ ಏಳುತ್ತದೆ. ನಾನು ಮಾಡಿದ ಚಿತ್ರದಲ್ಲಿ ಇದನ್ನು ಅವರ ಬಾಯಿಂದಲೇ ಹೇಳಿಸಿದ್ದೇನೆ. ಸ್ಕ್ರಿಪ್ಟಿನ ಹನ್ನೊಂದನೇ ಪ್ರಶ್ನೆ “ನಿರ್ವಹಣೆ ಸುಲಭವೇ?” ಎಂದಿದೆ. ಅದಕ್ಕೆ ಸಿಗುವ ಉತ್ತರ ಯಾವುದೆಂದು ಬೇರೆ ಹೇಳಬೇಕಿಲ್ಲ.

ಅಂದಿನಿಂದ ಎಡಗಡೆಯ ಪಟ್ಟಿಯನ್ನು ತಿದ್ದುತ್ತಲೇ ಬಂದಿದ್ದೇನೆ. ಏಳನೆಯದಕ್ಕೆ ಗೀಟು ಹಾಕಿ ಅದರ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದದ್ದು: “ಮೋಟಾರು ಹಾಕಿದ ಮೇಲೆ ಮೊದಲು ಎಲ್ಲಿಗೆ ನಡೆದು ಹೋಗುತ್ತೀರಿ?” ಇದಕ್ಕೆ ಹೌದು, ಇಲ್ಲ ಎನ್ನಲಾಗದು. ಒಬ್ಬರು ಫಿಲ್ಟರ್ ಹತ್ತಿರ ಎಂದರು, ಇನ್ನೊಬ್ಬರು ಅಳಿಲು ಕಚ್ಚಿದ ಪೈಪು ಹುಡುಕಲು ಎಂದರು, ಮತ್ತೊಬ್ಬರು ಕೊನೆಯ ಸಾಲಿಗೆ ಎಂದರು. ಉತ್ತರದಲ್ಲಿ ಬಂದ ಜಾಗವೇ ನನ್ನ ಮುಂದಿನ ಕಟ್‌ಅವೇ. ಉತ್ತರ ಮುಗಿದ ಮೇಲೆ ಮನಸ್ಸಿನಲ್ಲೇ ನಾಲ್ಕರವರೆಗೆ ಎಣಿಸುತ್ತೇನೆ. ಆ ಮೌನ ತಡೆಯಲಾರದೆ ಅವರು ಇನ್ನೊಂದು ಮಾತು ಸೇರಿಸುತ್ತಾರೆ, ಬಹಳ ಸಲ ಆ ಮಾತೇ ಚಿತ್ರದಲ್ಲಿ ಉಳಿಯುತ್ತದೆ.

ಹೊರಡುವ ಹಿಂದಿನ ಸಂಜೆಯ ಕೆಲಸಗಳೂ ಈಗ ರೂಢಿಯಾಗಿವೆ. ರೈತರಿಗೆ ಫೋನ್ ಮಾಡಿ ಕೇಳುವ ಮೊದಲ ಮಾತು, “ಅಣ್ಣ, ಈ ವಾರ ಕರೆಂಟು ಹಗಲೋ ರಾತ್ರಿಯೋ?” ಹಗಲಾದರೆ ಕರೆಂಟು ಇರುವಷ್ಟು ಹೊತ್ತು ಕಟ್‌ಅವೇ ಮಾತ್ರ, ಮೋಟಾರು ನಿಂತ ಮೇಲೆ, ಅದರ ಗುಂಯ್‌ಗುಡುವಿಕೆ ಇಲ್ಲದಾಗ, ಹೊಂಗೆ ಮರದ ಕೆಳಗೆ ಕೂರಿಸಿ ಮಾತು. ರಾತ್ರಿ ಪಾಳಿಯಾದರೆ ಚಿತ್ರೀಕರಣವನ್ನೇ ಮುಂದಿನ ವಾರಕ್ಕೆ ಹಾಕುತ್ತೇನೆ. ಚೀಲದಲ್ಲಿ ಒಂದೇ ಅಳತೆಯ ಎರಡು ಗಾಜಿನ ಲೋಟ, ಸಿರಿಂಜು, ಒಂದು ನಿಂಬೆ ಹಣ್ಣು. ಸ್ಟೀಲ್ ಲೋಟ ಒಯ್ಯಬೇಡಿ, ನೀರಿನ ಮಟ್ಟ ಕಾಣುವುದಿಲ್ಲ. ಒಮ್ಮೆ ಒಯ್ದು ಪಟ್ಟ ಪಾಡು ಸಾಕು.

ಕೊಳ್ಳಬಹುದೇ ಎಂದು ಕೇಳಿದರೆ: ಪ್ರಶ್ನೆಗಳಿಗಾಗಿ ಬೇಡ. ಎಡಗಡೆಯ ಪಟ್ಟಿ ಭಾಷಣ ಹುಟ್ಟಿಸುವ ಯಂತ್ರ, ಅದಕ್ಕೆ ನಾನು 50 ರೂಪಾಯಿ ಕೊಟ್ಟೇನು. ಆ ಒಂದು ಸಾಲಿಗೆ ಉಳಿದ 300. ಐದು ನಕ್ಷತ್ರಗಳಲ್ಲಿ ಮೂರು. ಮುಳಬಾಗಿಲಿನ ಅಣ್ಣ ಕಳೆದ ತಿಂಗಳು ಕರೆ ಮಾಡಿದ್ದರು. ಎರಡು ಲೋಟಗಳನ್ನು ಫಿಲ್ಟರ್ ಪಕ್ಕದ ಗೂಟಕ್ಕೆ ತಂತಿಯಿಂದ ಕಟ್ಟಿಟ್ಟಿದ್ದಾರಂತೆ, ಒಂದನ್ನು ಕೋತಿ ಒಡೆಯಿತಂತೆ. ಮುಂದಿನ ಸಲ ಬರುವಾಗ ಇನ್ನೊಂದು ತನ್ನಿ ಎಂದಿದ್ದಾರೆ.