ವಿಸರ್ಗ ನುಂಗಿದ ಫೋಟೋ

ಮಕ್ಕಳ ಸಂಸ್ಕೃತ ಅಭ್ಯಾಸದ ಹಾಳೆಯನ್ನು ಮೊಬೈಲಿನಲ್ಲಿ ನೋಡಿ ತಿದ್ದುವವರು, ತಪ್ಪು ಗುರುತು ಹಾಕುವ ಮೊದಲು ಹಾಳೆಯ ಬಲ ಅಂಚು ಪೂರ್ತಿ ಕಾಣುತ್ತಿದೆಯೇ ಎಂದು ನೋಡಿಕೊಳ್ಳಿ. ನಾನು ನೋಡಲಿಲ್ಲ. ಅದರ ಫಲವನ್ನು ಮಂಡ್ಯದಲ್ಲಿರುವ ತಂಗಿಯ ಮಗಳು ಉಂಡಳು.

ಮೈಸೂರಿನಲ್ಲಿ ಕುಳಿತು ಅವಳು ಕಳಿಸಿದ ಫೋಟೋ ತೆರೆದೆ. ಪಠ್, ಗಮ್, ವದ್ ಧಾತುಗಳ ಲಟ್ ಲಕಾರದ ರೂಪಗಳು. ಏಕವಚನ, ದ್ವಿವಚನ, ಬಹುವಚನ ಎಂದು ಮೂರು ಕಂಬಸಾಲಾಗಿ ದೇವನಾಗರಿಯಲ್ಲಿ ಬರೆದಿದ್ದಳು. ಬಲತುದಿಯಲ್ಲಿ ಪಠಾಮ, ಗಚ್ಛಾಮ, ವದಾಮ ಎಂದಿತ್ತು. ಮೂರೂ ಲೋಟ್ ಲಕಾರದ ರೂಪಗಳು. ಹುಡುಗಿ ವರ್ತಮಾನವನ್ನೂ ಆಜ್ಞಾರ್ಥವನ್ನೂ ಕಲಸಿಕೊಂಡಿದ್ದಾಳೆ ಎಂದು ತೀರ್ಮಾನಿಸಿ, ಫೋನಿನಲ್ಲೇ ಅರ್ಧ ಗಂಟೆ ಪಾಠ ಮಾಡಿದೆ. ಕಾಲೇಜಿನಲ್ಲಿ ಸಂಸ್ಕೃತ ಓದಿದ ಜಂಬ ಬೇರೆ.

ಅವಳು ಬರೆದದ್ದು ಪಠಾಮಃ ಎಂದೇ. ವಿಸರ್ಗದ ಎರಡು ಚುಕ್ಕೆಗಳು ಫೋಟೋದ ಅಂಚಿನಲ್ಲಿ ಕತ್ತರಿಸಿಹೋಗಿದ್ದವು. ಅಕ್ಷರ ಅರ್ಧ ಕತ್ತರಿಸಿದ್ದರೆ ಯಾರಿಗಾದರೂ ಅನುಮಾನ ಬರುತ್ತದೆ. ಇಲ್ಲಿ ವಿಸರ್ಗ ಹೋದ ಮೇಲೆ ಉಳಿದದ್ದೂ ಒಂದು ಸರಿಯಾದ ಪದ. ಬಹುವಚನದ ಕಂಬಸಾಲಿನಲ್ಲಿ ಪಠಂತಿ, ಪಠಥ ಎರಡಕ್ಕೂ ವಿಸರ್ಗವಿಲ್ಲವಾದ್ದರಿಂದ ಅವುಗಳಿಗೆ ಏನೂ ಆಗಿರಲಿಲ್ಲ. ಹಾಗಾಗಿ ಕತ್ತರಿಯ ಗುರುತೇ ಸಿಗಲಿಲ್ಲ.

ಸುಳಿವು ಪಕ್ಕದಲ್ಲೇ ಇತ್ತು. ದ್ವಿವಚನದಲ್ಲಿ ಪಠಾವಃ ಎಂದು ವಿಸರ್ಗ ಸ್ಪಷ್ಟವಾಗಿ ಕಾಣುತ್ತಿತ್ತು. ಲೋಟ್ ಎಂದೇ ತಿಳಿದು ಬರೆದಿದ್ದರೆ ಅಲ್ಲಿಯೂ ಪಠಾವ ಎಂದಿರಬೇಕಿತ್ತು. ಮೂರು ಧಾತುಗಳಲ್ಲೂ ದ್ವಿವಚನ ಸರಿ, ಬಹುವಚನ ಮಾತ್ರ ತಪ್ಪು ಎಂದರೆ ಎಡವಿದ್ದು ಮಗುವಲ್ಲ, ಕ್ಯಾಮೆರಾ.

ಸಂಧಿಯಲ್ಲಿ ಇನ್ನೊಂದು ಎಡವಟ್ಟು ಮಾಡಿದೆ. ತಥಾ + ಏವ ಎಂಬುದಕ್ಕೆ ತಥೇವ ಎಂದು ಬರೆದಿದ್ದಾಳೆಂದು ಓದಿ, ‘ವೃದ್ಧಿಸಂಧಿ ಮತ್ತೆ ಓದು’ ಎಂದು ಕಳಿಸಿದೆ. ಅವಳು ಬರೆದದ್ದು ತಥೈವ ಎಂದೇ. ದೇವನಾಗರಿಯಲ್ಲಿ ಏಕಾರಕ್ಕೆ ಮೇಲೆ ಒಂದು ಗೀಟು, ಐಕಾರಕ್ಕೆ ಎರಡು. ತಂಗಿ ಸ್ಕ್ಯಾನ್ ಮಾಡುವ ಆ್ಯಪಿನಲ್ಲಿ ಕಪ್ಪು-ಬಿಳುಪು ಮಾಡಿ ಕಳಿಸಿದ್ದರಿಂದ ಎರಡು ಗೀಟು ಅಂಟಿಕೊಂಡು ಒಂದೇ ದಪ್ಪ ಗೀಟಾಗಿತ್ತು. ಅದೇ ಹಾಳೆಯ ಗಣೇಶ ಪದದ ಒಂಟಿ ಗೀಟಿನ ಜೊತೆ ಹೋಲಿಸಿದ್ದರೆ ತಿಳಿಯುತ್ತಿತ್ತು. ಅದು ಕೂದಲೆಳೆಯಷ್ಟು ತೆಳ್ಳಗಿತ್ತು.

ಮುಂದಿನ ಕಿರುಪರೀಕ್ಷೆಯಲ್ಲಿ ಅವಳು ಲಟ್ ಲಕಾರಕ್ಕೆ ಗಚ್ಛಾಮ ಎಂದೇ ಬರೆದು ಅಂಕ ಕಳೆದುಕೊಂಡಳು. ಭಾನುವಾರ ಆ ಅಭ್ಯಾಸದ ಹಾಳೆಯನ್ನೇ ಹಿಡಿದುಕೊಂಡು ಮನೆಗೆ ಬಂದಳು. “ದೊಡ್ಡಮ್ಮಾ, ನಾನು ಮೊದಲು ವಿಸರ್ಗ ಹಾಕಿಯೇ ಇದ್ದೆ. ನೀವು ತಪ್ಪು ಎಂದಿರಿ ಅಂತ ಬಿಟ್ಟೆ,” ಎಂದಳು. ಚುಕ್ಕೆಗಳು ಅಂಚಿಗೆ ಒತ್ತಿಕೊಂಡು ನೀಲಿ ಶಾಯಿಯಲ್ಲಿ ಹಾಗೆಯೇ ಇದ್ದವು.

ಈಗ ಅವಳ ಫೋಟೋಗಳು ಬಣ್ಣದಲ್ಲೇ ಬರುತ್ತವೆ, ಹಾಳೆಯ ಬಲಗಡೆ ಅವರ ಮನೆಯ ಚಾಪೆ ಎರಡು ಬೆರಳಗಲ ಕಾಣುತ್ತದೆ. ಚಾಪೆ ಕಾಣದಿದ್ದರೆ ನಾನು ಓದುವುದೇ ಇಲ್ಲ.