ಕನ್ನಡಕಕ್ಕೆ ಟೂತ್‌ಪೇಸ್ಟ್ ಹಚ್ಚಬೇಡಿ, ಅಂಗಿಯ ಅಂಚಿನಲ್ಲಿ ಒರೆಸಬೇಡಿ

ನಾಲ್ಕು ತಿಂಗಳ ಹಿಂದೆ 4,600 ರೂಪಾಯಿ ಕೊಟ್ಟು ಮಾಡಿಸಿದ ಕನ್ನಡಕವನ್ನು ನನ್ನ ಕೈಯಾರೆ ಹಾಳುಮಾಡಿಕೊಂಡೆ. ಅದು ಹೇಗೆ ಹಾಳಾಯಿತು ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇನೆ. ಏಕೆಂದರೆ ನಾನು ಮಾಡಿದ ಎರಡೂ ತಪ್ಪುಗಳನ್ನು ನಮ್ಮ ಊರಿನಲ್ಲಿ ಎಷ್ಟೋ ಜನ ದಿನವೂ ಮಾಡುತ್ತಿದ್ದಾರೆ.

ನಮ್ಮ ಮನೆ ಸುಂಟಿಕೊಪ್ಪದ ಹತ್ತಿರ. ಜನವರಿ, ಫೆಬ್ರವರಿಯಲ್ಲಿ ರೊಬಸ್ಟಾ ಕಾಫಿ ಕೊಯ್ದು ಕಣದಲ್ಲಿ ಹರಡಿರುತ್ತೇವೆ. ಆಗ ನನಗೆ ಬೆಳಗ್ಗಿನಿಂದ ಸಂಜೆಯವರೆಗೂ ಅಲ್ಲೇ ಕೆಲಸ. ಸೀರೆಯ ಮೇಲೆ ಯಜಮಾನರ ಹಳೆಯ ತುಂಬುತೋಳಿನ ಅಂಗಿ ಹಾಕಿಕೊಂಡು ಹಣ್ಣನ್ನು ಕೈಯಾಡಿಸುತ್ತಿರುತ್ತೇನೆ. ನಮ್ಮದು ಮಣ್ಣಿನ ಕಣ, ಒಣಗಿದ ಕಾಫಿಯನ್ನು ಎಳೆದಾಗಲೆಲ್ಲ ಕೆಂಪು ಧೂಳು ಏಳುತ್ತದೆ. ಅದು ಕನ್ನಡಕದ ಮೇಲೆ ಕೂರುತ್ತದೆ, ಬೆವರಿಗೆ ಅಂಟಿಕೊಳ್ಳುತ್ತದೆ. ನಾನು ಕನ್ನಡಕ ತೆಗೆದು, ಬಾಯಿಯಿಂದ ಒಮ್ಮೆ ಉಸಿರು ಬಿಟ್ಟು, ಅಂಗಿಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಳ್ಳುತ್ತಿದ್ದೆ. ದಿನಕ್ಕೆ ಹತ್ತು ಸಲವಾದರೂ ಹೀಗೆಯೇ ಆಗಿರಬೇಕು.

ತಿಂಗಳು ಕಳೆಯುವಷ್ಟರಲ್ಲಿ ಎರಡೂ ಲೆನ್ಸ್‌ಗಳ ನಡುವೆ ಕೂದಲೆಳೆಯಂಥ ಗೀರುಗಳು ಕಾಣತೊಡಗಿದವು. ಎಲ್ಲವೂ ಬಿಲ್ಲಿನಂತೆ ಬಾಗಿದ ಗೀರುಗಳು, ಹೆಬ್ಬೆರಳು ಸುತ್ತು ಹಾಕುವ ದಾರಿಯಲ್ಲೇ ಬಿದ್ದಿದ್ದವು. ಮನೆಗೆ ಬಂದಿದ್ದ ನಾದಿನಿ ನೋಡಿ, "ಅತ್ತಿಗೆ, ಇದಕ್ಕೆ ಯಾಕೆ ಚಿಂತೆ? ಒಂದಿಷ್ಟು ಪೇಸ್ಟ್ ಹಚ್ಚಿ ಹತ್ತಿಯಿಂದ ಉಜ್ಜಿ, ಗೀರು ಹೋಗುತ್ತದೆ" ಎಂದಳು. ಪಾಪ, ಒಳ್ಳೆಯದಾಗಲಿ ಎಂದೇ ಹೇಳಿದ್ದು. ನಾನು ಕಡಲೆಕಾಳಿನಷ್ಟು ಬಿಳಿ ಪೇಸ್ಟ್ ತೆಗೆದುಕೊಂಡು ಒಂದೊಂದು ಲೆನ್ಸನ್ನೂ ಐದು ನಿಮಿಷ ಉಜ್ಜಿದೆ. ತೊಳೆದು, ಇನ್ನೂ ಒದ್ದೆಯಿರುವಾಗ ನೋಡಿದರೆ ಗೀರುಗಳು ಕಾಣಲಿಲ್ಲ. ಸಂತೋಷವಾಯಿತು. ಗೀರಿನೊಳಗೆ ನೀರು ತುಂಬಿಕೊಂಡಿದ್ದರಿಂದ ಕಾಣಲಿಲ್ಲ ಅಷ್ಟೆ ಎಂದು ಆಮೇಲೆ ತಿಳಿಯಿತು. ಆರಿದ ಮೇಲೆ ಗೀರುಗಳೂ ಇದ್ದವು, ಅವುಗಳ ಸುತ್ತ ತೆಳ್ಳಗೆ ಮಂಜು ಕವಿದಂತೆಯೂ ಇತ್ತು.

ಎರಡು ದಿನ ಕಳೆದು ಸಂಜೆ ಮಡಿಕೇರಿಯಿಂದ ಕಾರಿನಲ್ಲಿ ನಾನೇ ಬರುತ್ತಿದ್ದೆ. ಎದುರಿನ ತಿರುವಿನಲ್ಲಿ ಒಂದು ಲಾರಿ ಬಂತು. ಅದರ ಎರಡು ದೀಪಗಳು ಒಡೆದು ಚೆಲ್ಲಿದಂತೆ ಬೆಳಕು ಇಡೀ ಕಣ್ಣಿಗೆ ಹರಡಿತು, ರಸ್ತೆಯ ಅಂಚಿನ ಬಿಳಿ ಗೆರೆ ಮಾಯವಾಯಿತು. ಗಾಜಿಗೆ ಮಂಜು ಹಿಡಿದಿದೆಯೆಂದು ವೈಪರ್ ಹಾಕಿದೆ, ಒಳಗಿನಿಂದಲೂ ಒರೆಸಿದೆ. ಕನ್ನಡಕ ತೆಗೆದು ನೋಡಿದಾಗ ಮಂಜು ಇರಲೇ ಇಲ್ಲ. ಕಾರು ನಿಲ್ಲಿಸಿ, ಮನೆಗೆ ಫೋನ್ ಮಾಡಿ ಯಜಮಾನರನ್ನು ಕರೆಸಿಕೊಂಡೆ.

ಮರುದಿನ ಕನ್ನಡಕದಂಗಡಿಗೆ ಹೋದೆ. ಅಲ್ಲಿದ್ದ ಹಿರಿಯರು ಲೆನ್ಸನ್ನು ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದು, "ಮೇಡಂ, ಇಲ್ಲಿ ನೋಡಿ" ಎಂದರು. ಲೆನ್ಸಿನ ಅಂಚಿನಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ಮಂದವಾಗಿ, ಹಸಿರಾಗಿ ಇತ್ತು. ನಡುವೆ ಬಂದರೆ ಅದೇ ಪ್ರತಿಬಿಂಬ ಬೆಳ್ಳಗೆ, ಪ್ರಖರವಾಗಿ ಕಾಣುತ್ತಿತ್ತು. ಹಸಿರು ಕಾಣುವಲ್ಲಿ ಪ್ರತಿಫಲನ ತಡೆಯುವ ತೆಳು ಲೇಪ, ಅಂದರೆ ಕೋಟಿಂಗ್ ಇದೆ, ಬಿಳಿ ಕಾಣುವಲ್ಲಿ ನಾನು ಅದನ್ನು ಉಜ್ಜಿ ತೆಗೆದಿದ್ದೇನೆ. ಎರಡರ ನಡುವಿನ ಗಡಿ ಭೂಪಟದ ಗೆರೆಯಂತೆ ಅಂಕುಡೊಂಕಾಗಿ ಎದ್ದು ಕಾಣುತ್ತಿತ್ತು. ನಿಮ್ಮ ಕನ್ನಡಕವನ್ನೂ ಹೀಗೆ ಹಿಡಿದು ನೋಡಿ. ಕೋಟಿಂಗ್ ಇರುವ ಲೆನ್ಸಾದರೆ ಹಸಿರೋ ನೀಲಿಯೋ ಬಣ್ಣ ಎಲ್ಲ ಕಡೆ ಒಂದೇ ಸಮ ಇರಬೇಕು.

ಅವರು ತಿಳಿಸಿಕೊಟ್ಟದ್ದು ಇಷ್ಟು. ಈಗಿನ ಲೆನ್ಸ್‌ಗಳಲ್ಲಿ ಹೆಚ್ಚಿನವು ಗಾಜಲ್ಲ, ಪ್ಲಾಸ್ಟಿಕ್. ಪ್ಲಾಸ್ಟಿಕ್ ಮೆದು, ಆದ್ದರಿಂದ ಅದರ ಮೇಲೆ ಗಟ್ಟಿಯಾದ ಒಂದು ಲೇಪ ಕೊಡುತ್ತಾರೆ. ಅದರ ಮೇಲೆ ಪ್ರತಿಫಲನ ತಡೆಯುವ ಕೋಟಿಂಗಿನ ಹಲವು ಪದರಗಳು, ಎಲ್ಲಕ್ಕಿಂತ ಮೇಲೆ ನೀರು ಮತ್ತು ಜಿಡ್ಡು ಹಿಡಿಯದಂಥ ಇನ್ನೊಂದು ಪದರ. ಪ್ರತಿಫಲನ ತಡೆಯುವ ಆ ಪದರಗಳೆಲ್ಲ ಸೇರಿದರೂ ತಲೆಗೂದಲಿನ ನೂರರಲ್ಲಿ ಒಂದು ಪಾಲಿನಷ್ಟು ದಪ್ಪವಿಲ್ಲ. ಕೋಟಿಂಗ್ ಇಲ್ಲದ ಲೆನ್ಸ್ ಬೆಳಕಿನ ಸುಮಾರು ನೂರಕ್ಕೆ 8 ಭಾಗವನ್ನು ಹಿಂದಕ್ಕೆ ಎಸೆಯುತ್ತದೆ, ಕೋಟಿಂಗ್ ಅದನ್ನು ತೀರಾ ಕಡಿಮೆ ಮಾಡುತ್ತದೆ. ರಾತ್ರಿ ವಾಹನ ಓಡಿಸುವವರಿಗೆ ಅದರ ಬೆಲೆ ಗೊತ್ತಿರುತ್ತದೆ.

ಅಂಗಿಯ ಬಟ್ಟೆ ತಾನಾಗಿ ಲೆನ್ಸನ್ನು ಗೀರುವುದಿಲ್ಲ. ಗೀರುವುದು ಅದರಲ್ಲಿ ಸಿಕ್ಕಿಕೊಂಡಿರುವ, ಲೆನ್ಸಿನ ಮೇಲೆ ಕೂತಿರುವ ಮಣ್ಣಿನ ಕಣ. ನಮ್ಮ ಮಣ್ಣಿನಲ್ಲಿ ಬೆಣಚುಕಲ್ಲಿನ ಪುಡಿ ಇರುತ್ತದೆ, ಅದು ಲೆನ್ಸಿಗಿಂತಲೂ ಅದರ ಲೇಪಕ್ಕಿಂತಲೂ ಗಟ್ಟಿ. ಒಣಗಿದ್ದಾಗ ಒರೆಸಿದರೆ ಆ ಹರಳನ್ನು ಒತ್ತಿ ಎಳೆದಂತೆಯೇ. ಬಾಯಿಯ ಉಸಿರಿನ ತೇವ ಅದನ್ನು ತೇಲಿಸಿ ತೆಗೆಯುವಷ್ಟಿರುವುದಿಲ್ಲ.

ಟೂತ್‌ಪೇಸ್ಟಿನ ವಿಷಯ ಇನ್ನೂ ಕೆಟ್ಟದ್ದು. ಹಲ್ಲಿನ ಕಲೆ ತೆಗೆಯಲೆಂದು ಅದರಲ್ಲಿ ಸುಣ್ಣಕಲ್ಲಿನಂಥದೋ ಸಿಲಿಕಾದಂಥದೋ ನುಣ್ಣನೆಯ ಪುಡಿ ಹಾಕಿರುತ್ತಾರೆ. ಹಲ್ಲಿನ ಹೊರಪದರ ಗಟ್ಟಿ, ತಾಳಿಕೊಳ್ಳುತ್ತದೆ. ಕೋಟಿಂಗ್ ಅಷ್ಟು ತೆಳ್ಳಗಿರುವುದರಿಂದ ತಾಳುವುದಿಲ್ಲ. ಗೀರು ಎಂದರೆ ಒಂದು ಕಾಲುವೆ. ಅದನ್ನು ಇಲ್ಲವಾಗಿಸಬೇಕಾದರೆ ಸುತ್ತಲಿನ ಮೇಲ್ಮೈಯನ್ನೆಲ್ಲ ಆ ಆಳಕ್ಕೆ ತೆಗೆಯಬೇಕು. ಪೇಸ್ಟ್ ಮಾಡುವುದು ಒಂದು ಗೀರಿನ ಬದಲು ಕಣ್ಣಿಗೆ ಕಾಣದ ಸಾವಿರ ಗೀರು ಹಾಕುವುದನ್ನು. ಲಾರಿಯ ಬೆಳಕು ಚೆದುರಿದ್ದು ಅವುಗಳಲ್ಲಿ. ಅಡುಗೆ ಸೋಡಾ, ಬೂದಿ, ಕಾರಿಗೆ ಹಚ್ಚುವ ಪಾಲಿಶ್ ಇವೆಲ್ಲವೂ ಇದೇ ಜಾತಿಗೆ ಸೇರಿದವು. ಬಿದ್ದ ಗೀರನ್ನು ಮನೆಯಲ್ಲಿ ತೆಗೆಯುವ ದಾರಿ ಇಲ್ಲ, ಲೆನ್ಸ್ ಬದಲಾಯಿಸಬೇಕು. ಫ್ರೇಮ್ ಗಟ್ಟಿಯಿದ್ದರೆ ಅದಕ್ಕೇ ಹೊಸ ಲೆನ್ಸ್ ಕೂರಿಸುತ್ತಾರೆ. ನಾನೂ ಹಾಗೆಯೇ ಮಾಡಿಸಿಕೊಂಡೆ.

ಈಗ ತೊಳೆಯುವುದು ಹೀಗೆ. ಮೊದಲು ನನ್ನ ಕೈ ತೊಳೆದುಕೊಳ್ಳುತ್ತೇನೆ. ನಂತರ ನಲ್ಲಿಯ ಹರಿಯುವ ತಣ್ಣೀರಿನ ಕೆಳಗೆ, ಏನನ್ನೂ ಮುಟ್ಟಿಸದೆ, ಅರ್ಧ ನಿಮಿಷ ಕನ್ನಡಕ ಹಿಡಿಯುತ್ತೇನೆ. ಧೂಳು ತಾನಾಗಿ ಹೋಗಬೇಕು, ಇದೇ ಮುಖ್ಯ. ಆಮೇಲೆ ಪಾತ್ರೆ ತೊಳೆಯುವ ದ್ರವದ ಒಂದೇ ಹನಿ ಬೆರಳ ತುದಿಗೆ ಹಾಕಿ ಎರಡೂ ಬದಿ, ಫ್ರೇಮಿನ ಸಂದು, ಮೂಗಿನ ಪ್ಯಾಡಿನ ಸುತ್ತ ಮೆತ್ತಗೆ ಸವರುತ್ತೇನೆ. ಪಾತ್ರೆ ತೊಳೆಯುವ ಬಿಲ್ಲೆ ಬೇಡ, ಅದರಲ್ಲೂ ಉಜ್ಜುವ ಪುಡಿ ಇರುತ್ತದೆ. ಯಾವ ಲೆನ್ಸ್ ಒರೆಸುತ್ತೇವೋ ಅದೇ ಬದಿಯ ಫ್ರೇಮನ್ನು ಹಿಡಿದುಕೊಳ್ಳಬೇಕು, ಇನ್ನೊಂದು ಬದಿ ಹಿಡಿದರೆ ನಡುವಿನ ಸೇತುವೆ ಬಾಗುತ್ತದೆ. ಚೆನ್ನಾಗಿ ತೊಳೆದು, ನೀರು ಕೊಡವಿ, ಮೈಕ್ರೋಫೈಬರ್ ಬಟ್ಟೆಯಿಂದ ಮೆತ್ತಗೆ ಒತ್ತಿ ಲೆನ್ಸ್ ಒಣಗಿಸುತ್ತೇನೆ. ಕಲೆಯೋ ಗೀರೋ ಎಂದು ಅನುಮಾನವಿದ್ದರೆ ಇಷ್ಟಾದ ಮೇಲೆ ನೋಡಿ. ಜಿಡ್ಡಿನ ಕಲೆಯಾದರೆ ಹೋಗಿರುತ್ತದೆ, ಗೀರಾದರೆ ಇದ್ದಲ್ಲೇ ಇರುತ್ತದೆ.

ಬಿಸಿನೀರು ಬೇಡವೇ ಬೇಡ. ಬಿಸಿಗೆ ಪ್ಲಾಸ್ಟಿಕ್ ಹಿಗ್ಗಿದಷ್ಟು ಕೋಟಿಂಗ್ ಹಿಗ್ಗುವುದಿಲ್ಲ, ಬತ್ತಿದ ಕೆರೆಯ ಮಣ್ಣಿನಂತೆ ಬಿರುಕು ಬಿಡುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟರೂ ಹಾಗೆಯೇ ಆಗಬಹುದು.

ಮಳೆಗಾಲದಲ್ಲಿ ನಮ್ಮಲ್ಲಿ ಇನ್ನೊಂದು ಪಾಡು ಇದೆ. ವಾರಗಟ್ಟಲೆ ಬಿಸಿಲು ಕಾಣದಿದ್ದಾಗ ಎಲ್ಲ ಬಟ್ಟೆಗಳ ಜೊತೆ ಕನ್ನಡಕದ ಬಟ್ಟೆಯನ್ನೂ ಒಲೆಯ ಮೇಲಿನ ಹಗ್ಗಕ್ಕೆ ಹಾಕುತ್ತೇವೆ. ಅಲ್ಲಿ ಬೂದಿ ಹಾರಿ ಅದರ ನೂಲಿನಲ್ಲಿ ಕೂರುತ್ತದೆ, ಮತ್ತೆ ಅದೇ ಗೀರಿನ ಕಥೆ. ನಾನು ಮೂರು ಬಟ್ಟೆ ಇಟ್ಟುಕೊಂಡಿದ್ದೇನೆ. ಬಟ್ಟೆ ಮೆದುವಾಗಲೆಂದು ಹಾಕುವ ಸುವಾಸನೆಯ ದ್ರವ ಸೇರಿಸದೆ ಬರೀ ಸಾಬೂನಿನಲ್ಲಿ ತೊಳೆದು, ಮಲಗುವ ಕೋಣೆಯ ಕಿಟಕಿಯ ಸರಳಿಗೆ ಹಾಕುತ್ತೇನೆ. ಒಣಗಿದವನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಇಡುತ್ತೇನೆ. ಕಣಕ್ಕೆ ಹೋಗುವಾಗ ಒಂದು ಬಾಟಲಿ ನೀರು ಕನ್ನಡಕಕ್ಕೆಂದೇ ಜೊತೆಗಿರುತ್ತದೆ, ಅಂಗಿಯ ಅಂಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತೇನೆ.