ಚೆಕ್ ವಾಪಸಾದಾಗ ಮೆಮೋದ ಕಾರಣ ಓದದೆ ಮತ್ತೆ ಬ್ಯಾಂಕಿಗೆ ಹಾಕಬೇಡಿ

ಮಳೆಗಾಲ ಹಿಡಿಯುವ ಮುಂಚೆ ಶಿರಸಿಯ ಒಂದು ಹಾರ್ಡ್‌ವೇರ್ ಅಂಗಡಿಯಿಂದ ಅಂಕೋಲಾ ಕಡೆಯ ಗುತ್ತಿಗೆದಾರರೊಬ್ಬರು ತಗಡು, ಪೈಪು ಒಯ್ದರು. ಬಿಲ್ಲಿನ ಹಣಕ್ಕೆ ಜೂನ್ 3ರ ತಾರೀಖಿನ 86,400 ರೂಪಾಯಿಯ ಚೆಕ್ ಕೊಟ್ಟರು. ಆ ಒಂದೇ ಚೆಕ್ ಮೂರು ಸಲ ವಾಪಸಾಯಿತು. ಚೆಕ್ ವಾಪಸಾದಾಗ ಬ್ಯಾಂಕ್ ಕೊಡುವ ಚೀಟಿಯೇ ಮೆಮೋ, ಪ್ರತಿ ಸಲ ಅದರಲ್ಲಿದ್ದ ಕಾರಣ ಬೇರೆ. ಅಂಗಡಿಯವರಿಗೆ ಮಾತ್ರ ಮೂರೂ ‘ಚೆಕ್ ಬೌನ್ಸ್’ ಎಂದೇ ಕಂಡವು. ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ದೂರು ಕೊಡುವ ಹಕ್ಕು ಆ ಮೂರು ತಿಂಗಳಲ್ಲಿ ಕೈತಪ್ಪಿತು. ಉಧಾರಿ ವ್ಯಾಪಾರ ಮಾಡುವ ಪ್ರತಿ ಅಂಗಡಿಗೂ ಇದು ಆಗಬಹುದಾದದ್ದು, ಹಾಗಾಗಿ ತಾರೀಖು ಸಮೇತ ಬರೆಯುತ್ತಿದ್ದೇವೆ.

ಮೊದಲ ಮೆಮೋ ಜೂನ್ 6ಕ್ಕೆ ಕೈಗೆ ಬಂತು. ಕಾರಣ ‘ಫಂಡ್ಸ್ ಇನ್‌ಸಫಿಷಿಯಂಟ್’, ಅಂದರೆ ಖಾತೆಯಲ್ಲಿ ಅಷ್ಟು ಹಣವಿಲ್ಲ. ಓವರ್‌ಡ್ರಾಫ್ಟ್ ಇರುವ ಖಾತೆಯಾದರೆ ಇದರ ಬದಲು ‘ಎಕ್ಸೀಡ್ಸ್ ಅರೇಂಜ್‌ಮೆಂಟ್’ ಎಂದಿರುತ್ತದೆ, ಮಂಜೂರಾದ ಮಿತಿ ಮೀರಿತು ಎಂದರ್ಥ. ಎರಡಕ್ಕೂ ಮುಂದಿನ ಹೆಜ್ಜೆ ಒಂದೇ. ಗಿರಾಕಿ ನಂಬುವಂಥವರಾದರೆ ಹಣ ಹಾಕುವ ದಿನ ಕೇಳಿ, ಅದೇ ಚೆಕ್ಕನ್ನು ಮತ್ತೆ ಹಾಕಬಹುದು. ಇಲ್ಲವಾದರೆ ಮೆಮೋ ಸಿಕ್ಕ 30 ದಿನದೊಳಗೆ ಲಿಖಿತ ನೋಟಿಸ್ ಕಳಿಸಬೇಕು. ಮೆಮೋ ಸಿಕ್ಕ ದಿನವನ್ನು ಬಿಟ್ಟು ಎಣಿಸಬೇಕು. ಇಲ್ಲಿ ಕೊನೆಯ ದಿನ ಜುಲೈ 6. ಬ್ಯಾಂಕಿನ ಎಸ್‌ಎಂಎಸ್ ಮೊದಲೇ ಬಂದಿದ್ದರೆ ಆ ದಿನದಿಂದಲೇ ಲೆಕ್ಕ ಹಿಡಿಯಿರಿ. ಮಾಹಿತಿ ಯಾವತ್ತು ತಲುಪಿತು ಎಂಬ ತಕರಾರಿಗೆ ಆಗ ಜಾಗವೇ ಇರುವುದಿಲ್ಲ. ಎಸ್‌ಎಂಎಸ್ ಬಂತೆಂದು ಸುಮ್ಮನಾಗದೆ, ಮೊಹರಿರುವ ಮೆಮೋ ಮತ್ತು ಮೂಲ ಚೆಕ್ ಎರಡನ್ನೂ ಶಾಖೆಗೆ ಹೋಗಿ ತರಬೇಕು. ಬ್ಯಾಂಕಿನ ಅಧಿಕೃತ ಗುರುತಿರುವ ಮೆಮೋವನ್ನು ಕೋರ್ಟಿಗೆ ಹಾಜರುಪಡಿಸಿದರೆ ಚೆಕ್ ಅಮಾನ್ಯವಾಯಿತೆಂದೇ ನ್ಯಾಯಾಲಯ ಭಾವಿಸುತ್ತದೆ. ಅಲ್ಲವೆಂದು ತೋರಿಸುವ ಹೊಣೆ ಎದುರಿನವರದು.

ಗುತ್ತಿಗೆದಾರರು ‘ಬಿಲ್ ಪಾಸಾಗಲಿಲ್ಲ, ಎರಡು ವಾರ ತಡೀರಿ’ ಎಂದರು. ಅಂಗಡಿಯವರು ತಡೆದರು. ಅದರಲ್ಲಿ ತಪ್ಪಿಲ್ಲ. ಚೆಕ್ಕಿನ ಅವಧಿಯೊಳಗೆ ಮತ್ತೆ ಹಾಕಿದಾಗ ಹೊಸ ಮೆಮೋ ಬಂದರೆ ಅದರಿಂದ ಹೊಸದಾಗಿ 30 ದಿನ ಸಿಗುತ್ತದೆ. ಇದನ್ನು ಸುಪ್ರೀಂ ಕೋರ್ಟ್ 2012ರಲ್ಲಿ ಸ್ಪಷ್ಟಪಡಿಸಿದೆ. ಎಡವಟ್ಟಾದದ್ದು ಜೂನ್ 25ರಂದು. ಅವತ್ತು ಗುತ್ತಿಗೆದಾರರು ಯುಪಿಐನಲ್ಲಿ 20,000 ಕಳಿಸಿದರು, ಅಂಗಡಿಯವರು ಖಾತೆ ಪುಸ್ತಕದಲ್ಲಿ ಜಮಾ ಬರೆದುಕೊಂಡರು, ಚೆಕ್ ಮಾತ್ರ 86,400ರದ್ದೇ ಉಳಿಯಿತು. ಜುಲೈ 13ಕ್ಕೆ ಅದನ್ನೇ ಮತ್ತೆ ಬ್ಯಾಂಕಿಗೆ ಹಾಕಿದರು.

ಬಾಕಿ ಇದ್ದದ್ದು 66,400. ಚೆಕ್ ಹಾಕಿದ ದಿನ ಬಾಕಿಗಿಂತ ಹೆಚ್ಚಿನ ಮೊತ್ತ ಅದರಲ್ಲಿದ್ದರೆ ಅದು 138ರ ಅಪರಾಧವಾಗುವುದಿಲ್ಲ. ಭಾಗಶಃ ಹಣ ಬಂದದ್ದನ್ನು ಚೆಕ್ಕಿನ ಮೇಲೆ ಬರೆದು ಉಳಿದ ಮೊತ್ತಕ್ಕಷ್ಟೇ ಹಾಕಬೇಕು ಎಂದು 2022ರ ಸುಪ್ರೀಂ ಕೋರ್ಟ್ ತೀರ್ಪು ಹೇಳುತ್ತದೆ. ಕಾಯ್ದೆಯ 56ನೇ ಕಲಮು ಹಾಗೆ ಬರೆಯಲು ಅವಕಾಶ ಕೊಟ್ಟಿದೆ. ಆದರೆ ಈಗ ಕ್ಲಿಯರಿಂಗ್ ನಡೆಯುವುದು ಚೆಕ್ಕಿನ ಚಿತ್ರದ ಮೇಲೆ, ಬರಹ ತಿದ್ದಿದ್ದು ಕಂಡರೆ ಅದೇ ಕಾರಣಕ್ಕೆ ವಾಪಸಾಗುವ ಅಪಾಯವಿದೆ. ಅಂಗಡಿಗೆ ಸುರಕ್ಷಿತ ದಾರಿಯೆಂದರೆ 66,400ಕ್ಕೆ ಹೊಸ ಚೆಕ್ ಕೈಗೆ ಬಂದ ಮೇಲೆ ಹಳೆಯದನ್ನು ಕೊಡುವುದು. ಹೊಸದು ಬರುವ ತನಕ ಹಳೆಯದನ್ನು ಬಿಡಬೇಡಿ.

ಜುಲೈ 14ರ ಎರಡನೇ ಮೆಮೋ ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ. ಈ ಸಲ ಕಾರಣ ‘ಪೇಮೆಂಟ್ ಸ್ಟಾಪ್ಡ್ ಬೈ ಡ್ರಾಯರ್’. ಹಣ ಕೊಡಬೇಡಿ ಎಂದು ಗುತ್ತಿಗೆದಾರರೇ ತಮ್ಮ ಬ್ಯಾಂಕಿಗೆ ತಿಳಿಸಿದ್ದಾರೆ ಎಂದರ್ಥ. ಮೊದಲ ಕಾರಣ ಖಾತೆಯ ಸ್ಥಿತಿ ತೋರಿಸಿತ್ತು, ಇದು ಕೊಡುವವರ ಮನಸ್ಸು ಬದಲಾದದ್ದನ್ನು ತೋರಿಸುತ್ತದೆ. ಹೀಗೆ ಬಂದ ಚೆಕ್ಕನ್ನು ಮೂರನೇ ಸಲ ಹಾಕಿ ಪ್ರಯೋಜನವಿಲ್ಲ. ಅವರು ಸ್ಟಾಪ್ ತೆಗೆಸುವ ತನಕ ಅದು ಮತ್ತೆ ಹಾಗೆಯೇ ಬರುತ್ತದೆ. ಸ್ಟಾಪ್ ಪೇಮೆಂಟ್ ಆದರೂ 138 ಅನ್ವಯಿಸುತ್ತದೆ. ಆದರೆ ‘ಸರಕು ಸರಿಯಿರಲಿಲ್ಲ’, ‘ಅರ್ಧ ಹಣ ಕೊಟ್ಟಾಗಿದೆ’ ಎಂಬ ವಾದ ಬರುವುದೂ ಇದರಲ್ಲೇ ಹೆಚ್ಚು, ಹಾಗಾಗಿ ಸರಕು ಇಳಿಸಿಕೊಂಡ ಸಹಿ ಇರುವ ಚಲನ್ ಅವತ್ತೇ ಹುಡುಕಿಡಬೇಕು. ‘ಅಕೌಂಟ್ ಕ್ಲೋಸ್ಡ್’ ಎಂದು ಬಂದರೂ ಮತ್ತೆ ಹಾಕುವ ಮಾತೇ ಇಲ್ಲ, ನೇರ ನೋಟಿಸ್.

ಅವತ್ತೇ 66,400ಕ್ಕೆ ಹೊಸ ಚೆಕ್ ಕೇಳಿ, ಜುಲೈ ಮುಗಿಯುವ ಮುಂಚೆ ಅದನ್ನು ಬ್ಯಾಂಕಿಗೆ ಹಾಕಿದ್ದರೆ ದಾರಿ ತೆರೆದೇ ಇತ್ತು. ಅಂಗಡಿಯವರು ಫೋನ್ ಮಾಡುತ್ತಾ ಉಳಿದರು, ‘ಚೌತಿ ಮುಗಿಯಲಿ’ ಎಂಬ ಮಾತು ಕೇಳಿದರು. ಸೆಪ್ಟೆಂಬರ್ 8ಕ್ಕೆ ಹಳೆಯ ಚೆಕ್ಕನ್ನೇ ಹಾಕಿದಾಗ ಮೂರನೇ ಮೆಮೋದಲ್ಲಿ ಅವಧಿ ಮೀರಿದೆ ಎಂದು ಬಂತು. 2012ರ ಏಪ್ರಿಲ್ 1ರಿಂದ ಚೆಕ್ಕಿನ ಆಯಸ್ಸು ಅದರ ಮೇಲಿನ ತಾರೀಖಿನಿಂದ ಮೂರೇ ತಿಂಗಳು. ಈ ಕಾರಣದ ಮೆಮೋ ಹಿಡಿದು 138ರ ನೋಟಿಸ್ ಕೊಡಲು ಬರುವುದಿಲ್ಲ, ಎರಡನೇ ಮೆಮೋದ 30 ದಿನ ಆಗಸ್ಟ್ 13ಕ್ಕೇ ಮುಗಿದಿತ್ತು. ದೂರು ಕೊಡಲು ತಡವಾದರೆ ಸೂಕ್ತ ಕಾರಣ ತೋರಿಸಿ ಕ್ಷಮೆ ಕೇಳಬಹುದು; ನೋಟಿಸ್ ತಡವಾದರೆ ಕಾಯ್ದೆಯಲ್ಲಿ ಅಂಥ ಅವಕಾಶವಿಲ್ಲ.

ಇನ್ನು ಕೆಲವು ಕಾರಣಗಳು ಸಣ್ಣವು. ಅಕ್ಷರ ಮತ್ತು ಅಂಕಿ ಹೊಂದದಿದ್ದರೆ, ಬರಹ ತಿದ್ದಿದ್ದರೆ ಜಗಳವಾಡದೆ ಹೊಸ ಚೆಕ್ ಬರೆಸಿಕೊಳ್ಳಿ. ಚಿತ್ರ ಸ್ಪಷ್ಟವಿಲ್ಲ ಎಂಬಂಥ, ನಿಮ್ಮ ತಪ್ಪಿಲ್ಲದ ಕಾರಣವಾದರೆ ನಿಮ್ಮ ಬ್ಯಾಂಕೇ ಮತ್ತೆ ಕಳಿಸಬೇಕು. ಸಹಿ ಹೊಂದುತ್ತಿಲ್ಲ ಎಂಬ ‘ಸಿಗ್ನೇಚರ್ ಡಿಫರ್ಸ್’ ಮಾತ್ರ ಇವುಗಳ ಸಾಲಿಗೆ ಸೇರುವುದಿಲ್ಲ. ಅದೂ 138ರೊಳಗೆ ಬರಬಹುದೆಂದು 2012ರಲ್ಲಿ ತೀರ್ಪಾಗಿದೆ. ಹೊಸ ಚೆಕ್ ಕೇಳಿ, ಆದರೆ 30 ದಿನದ ಎಣಿಕೆ ನಿಲ್ಲಿಸಬೇಡಿ.

ನೋಟಿಸಿನಲ್ಲಿ ಚೆಕ್ ನಂಬರ್, ತಾರೀಖು, ಮೆಮೋದ ಕಾರಣ ಮತ್ತು ಚೆಕ್ಕಿನಲ್ಲಿರುವಷ್ಟೇ ಮೊತ್ತ ಇರಲಿ. ಬಡ್ಡಿ, ವಕೀಲರ ಖರ್ಚು ಕೇಳುವುದಾದರೆ ಬೇರೆ ಸಾಲಿನಲ್ಲಿ ಕೇಳಿ, ಒಟ್ಟು ಸೇರಿಸಿ ಒಂದೇ ಅಂಕಿ ಬರೆದರೆ ನೋಟಿಸೇ ಬಿದ್ದುಹೋಗುತ್ತದೆ. ಸರಿಯಾದ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ, ತಲುಪಿದ ದಾಖಲೆ ಇಟ್ಟುಕೊಳ್ಳಿ. ನೋಟಿಸ್ ತಲುಪಿ 15 ದಿನದೊಳಗೆ ಹಣ ಬಾರದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ದೂರು. 15 ದಿನ ಮುಗಿಯುವ ಮುಂಚೆ ಕೊಟ್ಟರೆ ಅದು ನಿಲ್ಲುವುದಿಲ್ಲ. ಗಿರಾಕಿಯ ಖಾತೆ ಅಂಕೋಲಾದಲ್ಲಿದ್ದರೂ, ನೀವು ಚೆಕ್ ಹಾಕಿದ ನಿಮ್ಮ ಖಾತೆ ಶಿರಸಿಯಲ್ಲಿದ್ದರೆ ಶಿರಸಿಯ ಕೋರ್ಟಿನಲ್ಲೇ ದೂರು ಕೊಡಬಹುದು. 2015ರ ತಿದ್ದುಪಡಿ ಕೊಟ್ಟ ಅನುಕೂಲ ಇದು, ಘಟ್ಟ ಇಳಿದು ಓಡಾಡಬೇಕಿಲ್ಲ.

ಆ ಅಂಗಡಿಗೆ ಈಗ ಉಳಿದಿರುವುದು 66,400ಕ್ಕೆ ಸಿವಿಲ್ ದಾವೆ. ಅದಕ್ಕೆ ಮೊತ್ತಕ್ಕೆ ತಕ್ಕ ಕೋರ್ಟ್ ಶುಲ್ಕ ಕಟ್ಟಬೇಕು. ಉಧಾರಿಗೆ ಗಡುವು ಹೇಳಿರದಿದ್ದರೆ ಸರಕು ಕೊಟ್ಟ ದಿನದಿಂದ, ಹೇಳಿದ್ದರೆ ಗಡುವು ಮುಗಿದ ದಿನದಿಂದ ಮೂರು ವರ್ಷದೊಳಗೆ ಹೂಡಬೇಕು. ಬಿಲ್, ಸಹಿ ಇರುವ ಚಲನ್, ಯುಪಿಐ ಜಮಾದ ವಿವರ, ಅವಧಿ ಮೀರಿದ ಚೆಕ್ ಮತ್ತು ಮೂರೂ ಮೆಮೋಗಳು ಅಲ್ಲಿ ಸಾಕ್ಷ್ಯವಾಗುತ್ತವೆ.